ಕಂದಾಯ ಇಲಾಖೆಯಿಂದ ಸೋಲಾರ್, ವಿಂಡ್ ಕಂಪನಿಗೆ: ರೆಸ್ಯೂಮೆಯ ಮೊದಲ ನಾಲ್ಕೈದು ಸಾಲು ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜೋಗಿಮಟ್ಟಿಯ ಸಾಲಿನ ಗಾಳಿಯಂತ್ರಗಳು ಚಿತ್ರದುರ್ಗದವರಿಗೆ ಹೊಸತಲ್ಲ. ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಕಡೆ ವಿಂಡ್ ಮತ್ತು ಸೋಲಾರ್ ಕಂಪನಿಗಳು ಜಮೀನು ಹುಡುಕುತ್ತಾ ಬಂದಿವೆ. ಆ ಕೆಲಸಕ್ಕೆ ಪಹಣಿ ಓದಬಲ್ಲ, ಹಳೇ ದಾಖಲೆ ತೆಗೆಸಿ ನೋಡಬಲ್ಲ ಜನ ಬೇಕು. ಅಂಥವರು ಹೆಚ್ಚಾಗಿ ಇರುವುದು ತಾಲ್ಲೂಕು ಕಚೇರಿಯಲ್ಲಿ, ನಾಡಕಚೇರಿಯಲ್ಲಿ. ಆದರೂ ಸ್ವಯಂ ನಿವೃತ್ತಿ ಪಡೆದ ಆರ್‌ಐ, ಶಿರಸ್ತೇದಾರರ ರೆಸ್ಯೂಮೆಗಳು ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಸರಿಯುತ್ತವೆ. ಕೆಲಸ ಗೊತ್ತಿಲ್ಲದ್ದರಿಂದ ಹಾಗಾಗುವುದಿಲ್ಲ. ಮೇಲಿನ ನಾಲ್ಕೈದು ಸಾಲಿನಲ್ಲಿ ಆ ಕೆಲಸ ಕಾಣಿಸದಿರುವುದೇ ಕಾರಣ.

ನಾನೂ ಕಂದಾಯ ಇಲಾಖೆಯಲ್ಲಿದ್ದು ಆಮೇಲೆ ಕಂಪನಿಯೊಂದರ ಲ್ಯಾಂಡ್ ವಿಭಾಗ ಸೇರಿದವನು. ಈಗ ಅಲ್ಲಿಗೆ ಬರುವ ರೆಸ್ಯೂಮೆಗಳನ್ನು ಓದುವುದು ನನ್ನ ಕೆಲಸದ ಭಾಗ. ನಮ್ಮ ಕಡೆಯವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಮ್ಮರಿ ಎಂದರೆ ಏನು? ಬರೆಯಲೇಬೇಕಾ?

ರೆಸ್ಯೂಮೆಯಲ್ಲಿ ಹೆಸರು, ಫೋನ್ ನಂಬರಿನ ಕೆಳಗೆ, ಸೇವಾ ವಿವರಕ್ಕಿಂತ ಮೊದಲು ಬರುವ ನಾಲ್ಕೈದು ಸಾಲು. ಅರವತ್ತರಿಂದ ಎಂಬತ್ತು ಪದ ಸಾಕು. ಕಂಪನಿಯಿಂದ ಕಂಪನಿಗೆ ಹೋಗುವವರು ಇದನ್ನು ಬಿಟ್ಟರೂ ನಡೆದೀತು, ಏಕೆಂದರೆ ಅವರ ಹುದ್ದೆಯ ಹೆಸರೇ ಕೆಲಸವನ್ನು ಹೇಳುತ್ತದೆ. "ರಾಜಸ್ವ ನಿರೀಕ್ಷಕರು, ಐಮಂಗಲ ಹೋಬಳಿ" ಎಂದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತ ಎಚ್‌ಆರ್‌ಗೆ ಏನೂ ತಿಳಿಯದು. ಹಾಗಾಗಿ ಇಲಾಖೆಯಿಂದ ಬರುವವರು ಇದನ್ನು ಬರೆಯಲೇಬೇಕು.

ಹದಿನೆಂಟು ವರ್ಷ ಮಾಡಿದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಹೇಗೆ ಹೇಳುವುದು?

ಎಲ್ಲವನ್ನೂ ಹೇಳಬೇಡಿ. ಚುನಾವಣೆ, ಜನಗಣತಿ, ಬೆಳೆ ಸಮೀಕ್ಷೆ, ಬರ ಪರಿಹಾರ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ, ಪ್ರೋಟೋಕಾಲ್ ಎಲ್ಲವನ್ನೂ ಆರ್‌ಐ ಮಾಡಿರುತ್ತಾರೆ. ಕಂಪನಿ ಸಂಬಳ ಕೊಡುವುದು ಅದರಲ್ಲಿ ಒಂದೇ ಭಾಗಕ್ಕೆ.

ಯಾವ ಭಾಗ ಎಂದು ತಿಳಿಯಲು ಅವರ ಭಯ ಏನೆಂದು ನೋಡಿ. ಸೋಲಾರ್ ಯೋಜನೆಗೆ ಒಂದು ಮೆಗಾವ್ಯಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು, ಅದೂ ಒಂದಕ್ಕೊಂದು ಅಂಟಿಕೊಂಡ ಜಮೀನು. ಬಹಳ ಕಡೆ ಕೊಳ್ಳುವುದಿಲ್ಲ, ರೈತರಿಂದ ದೀರ್ಘಾವಧಿಗೆ ಲೀಸ್ ಪಡೆಯುತ್ತಾರೆ. ನಮ್ಮ ಪಕ್ಕದ ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ನಿಂತಿರುವುದು ಹೀಗೆ ಗುತ್ತಿಗೆ ಪಡೆದ ಜಮೀನಿನ ಮೇಲೆಯೇ. ಬ್ಯಾಂಕ್ ಸಾಲ ಕೊಡುವ ಮೊದಲು ಪ್ರತಿ ಸರ್ವೆ ನಂಬರಿನ ಹಕ್ಕು ಸರಿಯಿದೆಯೇ ಎಂದು ವಕೀಲರಿಂದ ವರದಿ ಕೇಳುತ್ತದೆ. ನೂರು ಎಕರೆಯ ನಡುವೆ ಎರಡು ಎಕರೆಗೆ ತಕರಾರು ಬಂದರೂ ಪ್ಯಾನೆಲ್ ಸಾಲು ಮುರಿಯುತ್ತದೆ, ಕೇಬಲ್ ಸುತ್ತಿ ಬರಬೇಕಾಗುತ್ತದೆ, ಸಾಲದ ಕಂತು ತಡವಾಗುತ್ತದೆ.

ಅವರಿಗೆ ಬೇಕಾಗಿರುವುದು ಆ ಎರಡು ಎಕರೆಯನ್ನು ಒಪ್ಪಂದಕ್ಕೆ ಮೊದಲೇ ಗುರುತಿಸುವ ಕಣ್ಣು. ನಿಮ್ಮ ಸೇವೆಯಲ್ಲಿ ಆ ಕಣ್ಣು ಎಲ್ಲಿ ಕೆಲಸ ಮಾಡಿದೆಯೋ ಅಷ್ಟನ್ನು ಮಾತ್ರ ಸಮ್ಮರಿಗೆ ತನ್ನಿ. ಉಳಿದದ್ದಕ್ಕೆ ಕೆಳಗೆ ಸೇವಾ ವಿವರದಲ್ಲಿ ಜಾಗವಿದೆ.

ಹುದ್ದೆಯ ಹೆಸರನ್ನು ಬದಲಾಯಿಸಬಹುದಾ? "ಲ್ಯಾಂಡ್ ಮ್ಯಾನೇಜರ್" ಎಂದು ಹಾಕಿದರೆ?

ಬೇಡ. ಹುದ್ದೆ ಸೇವಾ ಪುಸ್ತಕದಲ್ಲಿ, ಬಿಡುಗಡೆ ಆದೇಶದಲ್ಲಿ ಹೇಗಿದೆಯೋ ಹಾಗೇ ಇರಲಿ. ಕೆಲಸ ಕೊಡುವ ಮೊದಲು ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಅಲ್ಲಿ ಹೆಸರು ತಾಳೆಯಾಗದಿದ್ದರೆ ಕೊಟ್ಟ ಆಫರ್ ಹಿಂದಕ್ಕೆ ಹೋಗಬಹುದು.

ಹುದ್ದೆಯ ಹೆಸರಿನ ಪಕ್ಕದಲ್ಲೇ ಅದು ಏನು ಕೆಲಸ ಎಂದು ಹೇಳಿ: "ರಾಜಸ್ವ ನಿರೀಕ್ಷಕ, ಹೋಬಳಿ ಮಟ್ಟದ ಭೂ ದಾಖಲೆ ಮತ್ತು ಹಕ್ಕು ಬದಲಾವಣೆಯ ಜವಾಬ್ದಾರಿ". ಗ್ರಾಮ ಲೆಕ್ಕಿಗರಾಗಿ ಸೇರಿದವರು ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರಿದ್ದರೂ ನಿಮ್ಮ ಆದೇಶದಲ್ಲಿ ಇರುವುದನ್ನೇ ಬರೆಯಿರಿ. ಹೋಬಳಿ ಎಂದರೇನು ಎಂದು ಹೊರಗಿನವರಿಗೆ ತಿಳಿಯದು, "ಇಷ್ಟು ಗ್ರಾಮಗಳ ಗುಂಪು" ಎಂದು ಸಂಖ್ಯೆ ಹಾಕಿದರೆ ಗಾತ್ರವೂ ತಿಳಿಯುತ್ತದೆ.

ಪಹಣಿ, ಮ್ಯುಟೇಶನ್, ಪೋಡಿ ಎಂಬ ಪದಗಳನ್ನು ಪೂರ್ತಿ ಬಿಟ್ಟುಬಿಡಬೇಕಾ?

ಬಿಡಬೇಡಿ. ನಿಮ್ಮ ಸಮ್ಮರಿಯನ್ನು ಇಬ್ಬರು ಓದುತ್ತಾರೆ. ಮೊದಲು ಎಚ್‌ಆರ್. ಅವರು ಕೆಲಸದ ಜಾಹೀರಾತಿನಲ್ಲಿರುವ ಪದಗಳನ್ನು ಹುಡುಕುತ್ತಾರೆ: ಟೈಟಲ್ ವೆರಿಫಿಕೇಶನ್, ಡ್ಯೂ ಡಿಲಿಜೆನ್ಸ್, ಲ್ಯಾಂಡ್ ಅಗ್ರಿಗೇಶನ್, ರೈಟ್ ಆಫ್ ವೇ. ಆಮೇಲೆ ಓದುವುದು ಲ್ಯಾಂಡ್ ವಿಭಾಗದ ಮುಖ್ಯಸ್ಥರು. ಅವರಿಗೆ ಆರ್‌ಟಿಸಿ, 11ಇ ನಕ್ಷೆ ಎಲ್ಲವೂ ಗೊತ್ತು. ಬರೀ ಕಂಪನಿ ಭಾಷೆ ಕಂಡರೆ ಈ ಮನುಷ್ಯ ನಿಜವಾಗಿ ದಾಖಲೆ ನೋಡಿದ್ದಾನೋ ಇಲ್ಲವೋ ಎಂದು ಅನುಮಾನ ಪಡುತ್ತಾರೆ.

ಹಾಗಾಗಿ ಕೆಲಸವನ್ನು ಕಂಪನಿಯ ಪದದಲ್ಲಿ ಹೇಳಿ, ದಾಖಲೆಯನ್ನು ಅದರ ಸ್ವಂತ ಹೆಸರಿನಲ್ಲೇ ಹೇಳಿ. "ಆರ್‌ಟಿಸಿ, ಮ್ಯುಟೇಶನ್ ರಿಜಿಸ್ಟರ್ ಮತ್ತು ಋಣಭಾರ ಪತ್ರದ ಆಧಾರದಲ್ಲಿ ಟೈಟಲ್ ವೆರಿಫಿಕೇಶನ್" ಎಂಬ ಒಂದು ಸಾಲು ಇಬ್ಬರಿಗೂ ಸಲ್ಲುತ್ತದೆ.

"ಮ್ಯುಟೇಶನ್ ಪ್ರಕರಣಗಳ ವಿಲೇವಾರಿ" ಎಂಬುದನ್ನು ಹೇಗೆ ಬದಲಿಸಲಿ?

ಈ ಸಾಲು ನಾನು ನೋಡುವ ಬಹುತೇಕ ರೆಸ್ಯೂಮೆಗಳಲ್ಲಿ ಇರುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ವಿಲೇವಾರಿ ಎಂದಾಗ ಹೊರಗಿನವರಿಗೆ ಕೇಳಿಸುವುದು ಕಾಗದ ಮುಂದೆ ಸಾಗಿಸಿದ್ದು ಎಂದು. ನೀವು ನಿಜವಾಗಿ ಮಾಡಿದ್ದೇನು?

ಕ್ರಯಪತ್ರ ನೋಂದಣಿಯಾದ ಮೇಲೆ ಅದು ನಿಮ್ಮ ಹಂತಕ್ಕೆ ಬರುತ್ತದೆ. ಮಾರಿದವರ ಹೆಸರು ಪಹಣಿಯ 9ನೇ ಕಾಲಂನಲ್ಲಿ ಇದೆಯೇ, ಮಾರಿದ ವಿಸ್ತೀರ್ಣ ಅವರ ಹೆಸರಿನಲ್ಲಿರುವುದಕ್ಕಿಂತ ಹೆಚ್ಚಾಗಿದೆಯೇ, 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆಯಾಜ್ಞೆ ಇದೆಯೇ ನೋಡುತ್ತೀರಿ. ನೋಟಿಸ್ ಹೋಗುತ್ತದೆ. ಆಕ್ಷೇಪಣೆ ಬಾರದಿದ್ದರೆ ಭೂ ಕಂದಾಯ ಕಾಯ್ದೆ 1964ರ 129ನೇ ಕಲಮಿನ ಕೆಳಗೆ ನೀವು ದೃಢೀಕರಿಸುತ್ತೀರಿ. ಆಕ್ಷೇಪಣೆ ಬಂದರೆ ತಕರಾರು ಎಂದು ದಾಖಲಿಸಿ ತಹಶೀಲ್ದಾರರಿಗೆ ಕಳಿಸುತ್ತೀರಿ.

ಇದರಲ್ಲಿ ಕಂಪನಿಗೆ ಬೇಕಾದ ಮೂರು ಸಂಗತಿಗಳಿವೆ. ಹಕ್ಕಿನ ದಾಖಲೆಯನ್ನು ತಾಳೆ ನೋಡಿದಿರಿ. ಇದು ನೇರವಾಗಿದೆ, ಇದು ತಕರಾರಿನದು ಎಂದು ಬೇರ್ಪಡಿಸಿದಿರಿ. ನಿಗದಿತ ಅವಧಿಯೊಳಗೆ ಸಹಿ ಹಾಕಿದಿರಿ, ಆ ಸಹಿಗೆ ಹೊಣೆಯೂ ನೀವೇ ಆದಿರಿ. ಹಾಗಾದರೆ ಸಾಲು ಹೀಗಾಗುತ್ತದೆ: "ವರ್ಷಕ್ಕೆ ಇಷ್ಟು ಹಕ್ಕು ವರ್ಗಾವಣೆಗಳ ದಾಖಲೆ ತಾಳೆ ನೋಡಿ, ವಿವಾದರಹಿತವಾದವನ್ನು ಶಾಸನಬದ್ಧ ಅಧಿಕಾರದಡಿ ಅನುಮೋದಿಸಿ, ವಿವಾದವಿದ್ದವನ್ನು ಆರಂಭದಲ್ಲೇ ಬೇರ್ಪಡಿಸಿದ ಅನುಭವ".

ಪೌತಿ ಖಾತೆಯನ್ನು ಪ್ರತ್ಯೇಕವಾಗಿ ಹೇಳುವುದು ಒಳ್ಳೆಯದು. ಸತ್ತು ಇಪ್ಪತ್ತು ವರ್ಷವಾದ ಅಜ್ಜನ ಹೆಸರಿನಲ್ಲೇ ಪಹಣಿ ಇರುವುದು ನಮ್ಮ ಕಡೆ ಸಾಮಾನ್ಯ. ಲೀಸ್‌ಗೆ ಸಹಿ ಹಾಕಬೇಕಾದವರು ಯಾರು ಎಂದು ತಿಳಿಯಲು ವಂಶವೃಕ್ಷ ಬೇಕು. ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರೆ ಮುಂದೆ ವಿಭಾಗದ ದಾವೆ ಬರುತ್ತದೆ. ಇದನ್ನು ಸ್ಥಳ ವಿಚಾರಣೆಯಲ್ಲಿ ಹಿಡಿಯುತ್ತಿದ್ದವರು ನೀವೇ. ಕಂಪನಿಯ ಮಾತಿನಲ್ಲಿ ಇದು "ವಾರಸುದಾರರ ಪೂರ್ಣ ಪಟ್ಟಿಯ ಪರಿಶೀಲನೆ", ಅವರ ಭಾಷೆಯಲ್ಲಿ ಲೀಗಲ್ ಹೇರ್ ವೆರಿಫಿಕೇಶನ್.

ಪೋಡಿ, 11ಇ, ಖರಾಬು ಕೆಲಸ ಕಂಪನಿಗೆ ಏಕೆ ಬೇಕು?

ಒಂದೇ ಸರ್ವೆ ನಂಬರಿನಲ್ಲಿ ನಾಲ್ವರ ಹೆಸರಿದ್ದು ಪೋಡಿಯಾಗಿಲ್ಲ ಎಂದುಕೊಳ್ಳಿ. ದಾಖಲೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಎಂದಿದೆ, ಎಲ್ಲಿ ಎಂದಿಲ್ಲ. ಕಂಪನಿ ಇಬ್ಬರೊಡನೆ ಮಾತ್ರ ಒಪ್ಪಂದ ಮಾಡಿ ಬೇಲಿ ಹಾಕಿದರೆ ಉಳಿದಿಬ್ಬರು ಅದು ನಮ್ಮ ಭಾಗ ಎಂದು ಬರುತ್ತಾರೆ. 11ಇ ನಕ್ಷೆ ಮಾಡಿಸುವುದು ಇದಕ್ಕೇ. ಖರಾಬಿನ ವಿಷಯ ಇನ್ನೂ ಸೂಕ್ಷ್ಮ. ಅ ಖರಾಬು ಸಾಗುವಳಿಗೆ ಬಾರದ ಜಮೀನು. ಬ ಖರಾಬು ಎಂದರೆ ಹಳ್ಳ, ದಾರಿ, ಸಾರ್ವಜನಿಕ ಉಪಯೋಗದ್ದು. ಅದರ ಮೇಲೆ ಕಂಪನಿ ಪ್ಯಾನೆಲ್ ಕೂರಿಸುವಂತಿಲ್ಲ, ರೈತ ಅದನ್ನು ಲೀಸ್ ಕೊಡುವಂತೆಯೂ ಇಲ್ಲ.

ಸಮ್ಮರಿಯಲ್ಲಿ ಇದನ್ನೆಲ್ಲ ವಿವರಿಸಬೇಕಿಲ್ಲ. "ದಾಖಲೆಯ ವಿಸ್ತೀರ್ಣ ಮತ್ತು ನೆಲದ ಮೇಲೆ ಬಳಸಬಹುದಾದ ವಿಸ್ತೀರ್ಣದ ನಡುವಿನ ವ್ಯತ್ಯಾಸವನ್ನು ಸರ್ವೆಯವರೊಂದಿಗೆ ಸ್ಥಳದಲ್ಲೇ ಗುರುತಿಸುವುದು" ಎಂದರೆ ಸಾಕು. ಅಳತೆ ಮಾಡಿದವರು ಸರ್ವೆ ಇಲಾಖೆಯವರಾಗಿದ್ದರೆ ಅದನ್ನು ನಿಮ್ಮದೆಂದು ಬರೆಯಬೇಡಿ. ನೀವು ಜೊತೆಗಿದ್ದು ಮಹಜರು ಮಾಡಿದ್ದು, ಪಹಣಿಗೆ ತಾಳೆ ನೋಡಿದ್ದು ನಿಮ್ಮದು.

ಪಿಟಿಸಿಎಲ್ ಕಡತಗಳನ್ನು ನೋಡಿದ್ದೇನೆ. ಅದನ್ನು ಬರೆಯಬೇಕಾ?

ಖಂಡಿತ ಬರೆಯಿರಿ. ನನ್ನ ಮಟ್ಟಿಗೆ ಇಡೀ ಸಮ್ಮರಿಯಲ್ಲಿ ಅತಿ ಹೆಚ್ಚು ಬೆಲೆಯ ಸಾಲು ಇದು, ಆದರೂ ಬಹುತೇಕರು ಬಿಟ್ಟುಬಿಡುತ್ತಾರೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆ ಕಾಪಾಡುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಪರಭಾರೆ ಮಾಡಿದರೆ ವ್ಯವಹಾರವೇ ಅಸಿಂಧು, ಉಪವಿಭಾಗಾಧಿಕಾರಿಯವರು ಜಮೀನನ್ನು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಿಸಬಹುದು. ಪರಭಾರೆ ಎಂಬುದಕ್ಕೆ ಈ ಕಾಯ್ದೆ ಕೊಡುವ ಅರ್ಥದಲ್ಲಿ ಕ್ರಯ, ದಾನ, ಅಡಮಾನದ ಜೊತೆಗೆ ಗುತ್ತಿಗೆಯೂ ಸೇರಿದೆ. ಎಂದರೆ, ನಾವು ಕೊಳ್ಳುತ್ತಿಲ್ಲ, ಬರೀ ಲೀಸ್ ಎಂದು ಕಂಪನಿ ನೆಮ್ಮದಿಯಾಗಿ ಇರುವಂತಿಲ್ಲ. 2023ರ ತಿದ್ದುಪಡಿಯ ನಂತರ ಮರಳಿಸುವಂತೆ ಕೋರಲು ಕಾಲಮಿತಿಯೂ ಅಡ್ಡಬರುವುದಿಲ್ಲ. ಈ ಕಾಯ್ದೆ ಇರುವುದು ಬಡ ಮಂಜೂರುದಾರನ ಕೈಯಿಂದ ನೆಲ ಜಾರದಿರಲಿ ಎಂದು. ಅದನ್ನು ಬಲ್ಲವರು ಕಂಪನಿಯ ಒಳಗಿದ್ದರೆ ಆ ಕುಟುಂಬಕ್ಕೂ ಒಳಿತು, ಕಂಪನಿಗೂ ಒಳಿತು.

ತೊಡಕಿರುವುದು ಇದು ಇವತ್ತಿನ ಪಹಣಿಯಲ್ಲಿ ಕಾಣದೇ ಇರಬಹುದು ಎಂಬಲ್ಲಿ. ಈ ನಡುವೆ ಎರಡು ಮೂರು ಕೈ ಬದಲಾಗಿ 9ನೇ ಕಾಲಂನಲ್ಲಿ ಬೇರೆಯದೇ ಹೆಸರಿರುತ್ತದೆ. ಕಂಡುಹಿಡಿಯಲು ಭೂಮಿ ತಂತ್ರಾಂಶಕ್ಕಿಂತ ಹಿಂದಿನ ಕೈಬರಹದ ಪಹಣಿಗೆ, ದರಖಾಸ್ತು ರಿಜಿಸ್ಟರಿಗೆ, ಸಾಗುವಳಿ ಚೀಟಿಗೆ ಹೋಗಬೇಕು. ಹಳೆಯ ಎಂಆರ್ ನಂಬರಿನ ಎಳೆ ಹಿಡಿದು ಮೂಲ ಮಂಜೂರಾತಿವರೆಗೆ ನಡೆಯಬೇಕು. ಇದನ್ನು ಮಾಡಿದವರು "ಮಂಜೂರಾತಿ ಜಮೀನುಗಳ ಮೂಲ ದಾಖಲೆ ಪತ್ತೆ ಮತ್ತು ಪಿಟಿಸಿಎಲ್ ಅಪಾಯದ ಪೂರ್ವ ಗುರುತಿಸುವಿಕೆ" ಎಂದು ಬರೆದರೆ ಲ್ಯಾಂಡ್ ಮುಖ್ಯಸ್ಥರು ನಿಮ್ಮನ್ನು ಕರೆಯುವುದು ಬಹುಮಟ್ಟಿಗೆ ಖಾತ್ರಿ.

ನನ್ನ ಹತ್ತಿರ ಅಂಕಿಸಂಖ್ಯೆ ಇಲ್ಲವಲ್ಲ?

ಇದೆ. ಮಾಸಿಕ ಪ್ರಗತಿ ವರದಿ, ಸಕಾಲದ ವರದಿ, ಜಮಾಬಂದಿಗೆ ಸಿದ್ಧಪಡಿಸಿದ ತಃಖ್ತೆಗಳು ಎಲ್ಲವೂ ಸಂಖ್ಯೆಗಳೇ. ತಿಂಗಳಿಗೆ ಸರಾಸರಿ ಎಷ್ಟು ಮ್ಯುಟೇಶನ್ ಬರುತ್ತಿತ್ತು ಎಂದು ನಿಮಗೆ ಬಾಯಿಪಾಠ ಇರುತ್ತದೆ. ಅದನ್ನು ಹನ್ನೆರಡರಿಂದ ಗುಣಿಸಿ "ಸುಮಾರು" ಎಂದು ಹಾಕಿ. ಸುಮಾರು ಎಂಬ ಪದದಿಂದ ಯಾರೂ ಕಡಿಮೆ ಅಂಕ ಕೊಡುವುದಿಲ್ಲ. ಸಂದರ್ಶನದಲ್ಲಿ ವಿವರಿಸಲಾಗದ ನಿಖರ ಸಂಖ್ಯೆಯಿಂದ ಅನುಮಾನ ಹುಟ್ಟುತ್ತದೆ.

ಸಂಖ್ಯೆ ಬೇಕೆಂದು ಕಚೇರಿಯ ಕಾಗದಗಳ ಫೋಟೋ ತೆಗೆದುಕೊಂಡು ಬರಬೇಡಿ. ಸರ್ವೆ ನಂಬರು, ಪಕ್ಷಗಾರರ ಹೆಸರು, ಕಡತ ಸಂಖ್ಯೆ ಯಾವುದೂ ರೆಸ್ಯೂಮೆಯಲ್ಲಿ ಇರಬಾರದು. ಅದು ನಡತೆ ನಿಯಮಕ್ಕೂ ವಿರುದ್ಧ. ಅದಲ್ಲದೆ ಹಳೇ ಕಚೇರಿಯ ಗುಟ್ಟನ್ನು ಹೊರಗೆ ಇಟ್ಟವರು ನಾಳೆ ನಮ್ಮದನ್ನೂ ಇಡುತ್ತಾರೆ ಎಂದು ಓದುವವರಿಗೆ ಅನಿಸುತ್ತದೆ.

"ಮೇಲಧಿಕಾರಿಗಳ ನಿರ್ದೇಶನದಂತೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂಬ ಶೈಲಿ ಬಿಡಲಾಗುತ್ತಿಲ್ಲ, ಏನು ಮಾಡಲಿ?

ವರ್ಷಗಟ್ಟಲೆ ಟಿಪ್ಪಣಿ ಬರೆದ ಕೈಗೆ ಇದು ಸಹಜ. ಕಡತದಲ್ಲಿ ಆ ಶೈಲಿಗೆ ಕಾರಣವಿದೆ, ಅಲ್ಲಿ ತೀರ್ಮಾನ ಕಚೇರಿಯದ್ದು, ವ್ಯಕ್ತಿಯದ್ದಲ್ಲ. ರೆಸ್ಯೂಮೆ ಓದುವವರಿಗೆ ಬೇಕಾದದ್ದು ಮಾತ್ರ ವ್ಯಕ್ತಿ.

ಪ್ರತಿ ವಾಕ್ಯಕ್ಕೂ ಯಾರು ಎಂಬ ಪ್ರಶ್ನೆ ಹಾಕಿ. ಕ್ರಮ ಯಾರು ಕೈಗೊಂಡರು? ನೀವೇ ಆಗಿದ್ದರೆ "ಪರಿಶೀಲಿಸಿದೆ", "ಅನುಮೋದಿಸಿದೆ", "ಶಿಫಾರಸು ಮಾಡಿದೆ" ಎಂಬ ಕ್ರಿಯಾಪದ ಬರಲಿ. ಯಾವ ಕ್ರಮ? ಸೂಕ್ತ ಕ್ರಮ ಎಂದರೆ ಒತ್ತುವರಿ ತೆರವೋ, ನೋಟಿಸೋ, ವರದಿಯೋ? ಅದನ್ನೇ ಹೆಸರಿಸಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ತಮ್ಮನ ಮಗನೋ ಇದ್ದರೆ ಅವರಿಗೆ ಬಾಯಲ್ಲಿ ಹೇಳಿ. "ಅಂದರೆ ನೀವು ಏನು ಮಾಡ್ತಿದ್ರಿ?" ಎಂದು ಅವರು ಮರಳಿ ಕೇಳಿದ ಜಾಗದಲ್ಲೆಲ್ಲ ವಾಕ್ಯ ಬದಲಾಗಬೇಕು.

ಶಿಫಾರಸು ಮಾಡಿದ್ದನ್ನು "ಅನುಮೋದಿಸಿದೆ" ಎಂದು ಹಾಕಿದರೆ ತಪ್ಪೇನು?

ಸಂದರ್ಶನದಲ್ಲಿ ಕೂರುವವರಲ್ಲಿ ಒಬ್ಬರಾದರೂ ಕಾಯ್ದೆ ಬಲ್ಲವರಿರುತ್ತಾರೆ, ಕೆಲವೊಮ್ಮೆ ನಿವೃತ್ತ ತಹಶೀಲ್ದಾರರೇ ಇರುತ್ತಾರೆ. ತಕರಾರು ಪ್ರಕರಣವನ್ನು ನಾನೇ ತೀರ್ಮಾನಿಸಿದೆ ಎಂದು ಆರ್‌ಐ ಆಗಿದ್ದವರು ಬರೆದರೆ ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಅದು ತಹಶೀಲ್ದಾರರ ಅಧಿಕಾರ, ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ. ಭೂ ಪರಿವರ್ತನೆಯೂ ಹಾಗೇ, 95ನೇ ಕಲಮಿನ ಅಧಿಕಾರ ಜಿಲ್ಲಾಧಿಕಾರಿಯದು, ನಿಮ್ಮದು ಸ್ಥಳ ವರದಿ.

ವರದಿ ಕೊಟ್ಟಿದ್ದು ಸಣ್ಣ ಕೆಲಸವಲ್ಲ. "ಭೂ ಪರಿವರ್ತನೆಯ ಅರ್ಜಿಗಳಿಗೆ ಸ್ಥಳ ಪರಿಶೀಲನಾ ವರದಿ ಸಿದ್ಧಪಡಿಸುತ್ತಿದ್ದರಿಂದ, ಅರ್ಜಿ ಯಾವ ಕಾರಣಕ್ಕೆ ನಿಲ್ಲುತ್ತದೆ ಎಂಬುದರ ನೇರ ಅರಿವು" ಎಂದು ಬರೆಯಿರಿ. ಅರ್ಜಿ ಹಾಕುವ ಮೊದಲೇ ಕೊರತೆ ತುಂಬಿಸಬಲ್ಲವರು ಎಂದು ಕಂಪನಿಗೆ ಅರ್ಥವಾಗುತ್ತದೆ.

ಒಂದು ಪೂರ್ತಿ ಉದಾಹರಣೆ ತೋರಿಸುತ್ತೀರಾ?

ಹಿರಿಯೂರು ತಾಲ್ಲೂಕಿನ ಆರ್‌ಐ ಒಬ್ಬರು ಸೋಲಾರ್ ಕಂಪನಿಯ ಲ್ಯಾಂಡ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ ಎಂದುಕೊಳ್ಳಿ. ವ್ಯಕ್ತಿಯನ್ನೂ ಸಂಖ್ಯೆಗಳನ್ನೂ ಉದಾಹರಣೆಗೆಂದೇ ನಾನು ಕಟ್ಟಿದ್ದೇನೆ. ಅವರ ಮೊದಲ ಬರಹ ಹೀಗಿರುತ್ತದೆ:

> "ಕಂದಾಯ ಇಲಾಖೆಯಲ್ಲಿ 18 ವರ್ಷಗಳ ಸುದೀರ್ಘ ಹಾಗೂ ನಿಷ್ಕಳಂಕ ಸೇವೆ ಸಲ್ಲಿಸಿದ್ದು, ಗ್ರಾಮ ಲೆಕ್ಕಿಗ ಹಾಗೂ ರಾಜಸ್ವ ನಿರೀಕ್ಷಕ ಹುದ್ದೆಗಳಲ್ಲಿ ಕಾರ್ಯನಿರ್ವಹಿಸಿ, ಮ್ಯುಟೇಶನ್, ಪೌತಿ ಖಾತೆ, ಪೋಡಿ, ಪಿಂಚಣಿ, ಬರ ಪರಿಹಾರ, ಚುನಾವಣೆ ಮುಂತಾದ ಕಾರ್ಯಗಳನ್ನು ಮೇಲಧಿಕಾರಿಗಳ ಮಾರ್ಗದರ್ಶನದಲ್ಲಿ ಯಶಸ್ವಿಯಾಗಿ ನಿರ್ವಹಿಸಲಾಗಿರುತ್ತದೆ. ಸಕಾಲ ಅರ್ಜಿಗಳನ್ನು ಕಾಲಮಿತಿಯಲ್ಲಿ ವಿಲೇವಾರಿ ಮಾಡಲಾಗಿರುತ್ತದೆ."

ಇದರಲ್ಲಿ ಸುಳ್ಳಿಲ್ಲ, ಆದರೆ ಅದೇ ತಾಲ್ಲೂಕಿನ ಯಾವ ಆರ್‌ಐ ಬೇಕಾದರೂ ಇದರ ಕೆಳಗೆ ಸಹಿ ಹಾಕಬಹುದು. ಅವರನ್ನು ಕೂರಿಸಿಕೊಂಡು ಕೇಳಿದರೆ ಮೂರು ವಿಷಯ ಹೊರಬರುತ್ತವೆ. ಮೂವತ್ತಕ್ಕೂ ಹೆಚ್ಚು ಗ್ರಾಮಗಳ ಹೋಬಳಿಯಲ್ಲಿ ತಿಂಗಳಿಗೆ ಸುಮಾರು 125 ಮ್ಯುಟೇಶನ್ ನೋಡುತ್ತಿದ್ದರು. ಮಂಜೂರಾತಿ ಜಮೀನಿನ ಹಳೇ ದಾಖಲೆ ತೆಗೆದು ಉಪವಿಭಾಗಾಧಿಕಾರಿ ಕಚೇರಿಗೆ ವರದಿ ಕಳಿಸುತ್ತಿದ್ದರು. ಹೈಟೆನ್ಷನ್ ಲೈನ್ ಹಾದುಹೋಗುವಾಗ ಪರಿಹಾರದ ಪಟ್ಟಿಗಾಗಿ ರೈತರ ಜೊತೆ ಹೊಲದಲ್ಲೇ ಕೂತು ಮಾತಾಡಿದ್ದರು. ಈ ಮೂರನ್ನು ಇಟ್ಟು ಉಳಿದದ್ದನ್ನು ಕೆಳಗೆ ಇಳಿಸಿದ ಮೇಲೆ:

> "ಭೂ ಹಕ್ಕು ಪರಿಶೀಲನೆ ಮತ್ತು ಜಮೀನು ದಾಖಲೆಗಳಲ್ಲಿ 18 ವರ್ಷ ಅನುಭವವಿರುವ ರಾಜಸ್ವ ನಿರೀಕ್ಷಕ, ಕರ್ನಾಟಕ ಕಂದಾಯ ಇಲಾಖೆ. ಹಿರಿಯೂರು ತಾಲ್ಲೂಕಿನ 30ಕ್ಕೂ ಹೆಚ್ಚು ಗ್ರಾಮಗಳಲ್ಲಿ ವರ್ಷಕ್ಕೆ ಸುಮಾರು 1,500 ಹಕ್ಕು ವರ್ಗಾವಣೆಗಳ ಟೈಟಲ್ ವೆರಿಫಿಕೇಶನ್ ಮಾಡಿ, ವಿವಾದರಹಿತ ಪ್ರಕರಣಗಳನ್ನು ಅನುಮೋದಿಸಿದ್ದೇನೆ. ಮಂಜೂರಾತಿ ಜಮೀನುಗಳ ಮೂಲ ದಾಖಲೆ ಪತ್ತೆ ಮಾಡಿ ಪಿಟಿಸಿಎಲ್ ತೊಡಕನ್ನು ಮೊದಲೇ ಗುರುತಿಸಬಲ್ಲೆ. ವಿದ್ಯುತ್ ಮಾರ್ಗದ ರೈಟ್ ಆಫ್ ವೇ ಪರಿಹಾರಕ್ಕಾಗಿ ರೈತರೊಂದಿಗೆ ಸ್ಥಳ ಮಟ್ಟದ ಮಾತುಕತೆ ನಡೆಸಿದ್ದೇನೆ. ಸೋಲಾರ್ ಯೋಜನೆಯ ಲೀಸ್ ಜಮೀನುಗಳ ಡ್ಯೂ ಡಿಲಿಜೆನ್ಸ್ ಹೊಣೆಯನ್ನು ಬಯಸುತ್ತೇನೆ."

"ಸುದೀರ್ಘ", "ನಿಷ್ಕಳಂಕ", "ಯಶಸ್ವಿಯಾಗಿ" ಮೂರೂ ಹೋದವು. ಇಲಾಖಾ ವಿಚಾರಣೆ ಬಾಕಿ ಇಲ್ಲದಿದ್ದರೆ ಅದನ್ನು ಕೇಳಿದಾಗ ಹೇಳಿದರೆ ಸಾಕು. ಕೊನೆಯ ಸಾಲು ಆ ಹುದ್ದೆಗೆಂದೇ ಬರೆದದ್ದು. ವಿಂಡ್ ಕಂಪನಿಗೆ ಕಳಿಸುವಾಗ ಅದು ಬದಲಾಗಬೇಕು, ಏಕೆಂದರೆ ಅಲ್ಲಿ ದೊಡ್ಡ ಹರವಿಗಿಂತ ಬಿಡಿ ಬಿಡಿ ಜಾಗಗಳು, ಅಲ್ಲಿಗೆ ಭಾರಿ ಕ್ರೇನ್ ಹೋಗುವ ದಾರಿ, ಆ ದಾರಿಗೆ ಅಡ್ಡ ಬರುವ ಹೊಲಗಳೇ ಮುಖ್ಯ. ಬ್ಯಾಂಕಿನ ಅಡಮಾನ ಸಾಲದ ವಿಭಾಗಕ್ಕಾದರೆ ರೈಟ್ ಆಫ್ ವೇ ಸಾಲು ತೆಗೆದು ಋಣಭಾರ ಪತ್ರದ ಪರಿಶೀಲನೆಯನ್ನು ಮುಂದೆ ತನ್ನಿ.

ಈ ಸಮ್ಮರಿ ಇಟ್ಟುಕೊಂಡು ಹೋದರೆ ಸಂದರ್ಶನದಲ್ಲಿ ಬರುವ ಪ್ರಶ್ನೆಯೂ ಗೊತ್ತೇ ಇದೆ: "1,500ರಲ್ಲಿ ತಕರಾರಿಗೆ ಹೋದವು ಎಷ್ಟು? ಮುಖ್ಯ ಕಾರಣ ಏನಿತ್ತು?" ಹೆಸರು ಹೇಳದೆ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಹೇಳಲು ಸಿದ್ಧರಾಗಿ. ಸಮ್ಮರಿಯ ಯಾವ ಸಾಲಿಗೆ ಅಂಥ ಪ್ರಕರಣ ನೆನಪಾಗುವುದಿಲ್ಲವೋ ಆ ಸಾಲನ್ನು ಅಳಿಸಿ.

"ತಾಲ್ಲೂಕು ಕಚೇರಿ, ಡಿಸಿ ಕಚೇರಿಯಲ್ಲಿ ಉತ್ತಮ ಸಂಪರ್ಕ" ಎಂದು ಬರೆಯಬಹುದಾ? ಕಂಪನಿಗೆ ಅದೇ ಬೇಕಲ್ಲವಾ?

ಬರೆಯಬೇಡಿ. ಹೀಗೆ ಬರೆದವರು ಪ್ರಭಾವ ಮಾರುತ್ತಿದ್ದಾರೆ ಎಂದು ಓದಿಸಿಕೊಳ್ಳುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ, ಕಂಪನಿಯ ಪರವಾಗಿ ಯಾರಾದರೂ ಲಂಚ ಕೊಟ್ಟರೆ ಕಂಪನಿಯೇ ಆರೋಪಿಯಾಗಬಹುದು. ಸರಿಯಾದ ಕಂಪನಿಗಳು ಇದಕ್ಕೆ ಹೆದರುತ್ತವೆ, ಹೆದರಲೂ ಬೇಕು. ಸಂಪರ್ಕಕ್ಕಾಗಿಯೇ ಕೆಲಸ ಕೊಡುವ ಕಂಪನಿ ಸಿಕ್ಕಿತೆಂದರೆ, ನಿಮ್ಮ ಬ್ಯಾಚಿನವರು ವರ್ಗವಾದ ದಿನ ಅಲ್ಲಿ ನಿಮ್ಮ ಬೆಲೆಯೂ ಮುಗಿಯುತ್ತದೆ.

ನಿಮಗೆ ಗೊತ್ತಿರುವುದು ವಿಧಾನ. ಯಾವ ಅರ್ಜಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಹಂತದಲ್ಲಿ ಯಾವ ದಾಖಲೆ ಕೇಳುತ್ತಾರೆ, ಎಷ್ಟು ದಿನ ಹಿಡಿಯುತ್ತದೆ. "ಶಾಸನಬದ್ಧ ಅನುಮತಿಗಳ ಹಂತ ಮತ್ತು ಕಾಲಾವಧಿಯ ಯೋಜನೆ" ಎಂದು ಬರೆಯಿರಿ. ಆ ತಿಳಿವಳಿಕೆಗೆ ಯಾರ ವರ್ಗಾವಣೆಯೂ ಅಡ್ಡಿಯಲ್ಲ.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಾ?

ಕಳಿಸುವುದು ಇಂಗ್ಲಿಷಿನಲ್ಲೇ. ಆದರೆ ಮೊದಲು ಕನ್ನಡದಲ್ಲಿ ಬರೆದು ವಿಷಯ ಗಟ್ಟಿ ಮಾಡಿಕೊಳ್ಳಿ. ನೇರವಾಗಿ ಇಂಗ್ಲಿಷಿಗೆ ಹೋದರೆ ಸುತ್ತೋಲೆಯ ಇಂಗ್ಲಿಷ್ ಬರುತ್ತದೆ.

ನಾನು ಕಂದಾಯದವನಲ್ಲ, ದಾವಣಗೆರೆಯಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದೇನೆ. ಇದು ನನಗೆ ಆಗುತ್ತದಾ?

ದಾರಿ ಅದೇ, ಪದಗಳು ಬೇರೆ. ನಿಮ್ಮ ಅಳತೆ ಪುಸ್ತಕದ ನಮೂದು ಕಂಪನಿಗೆ ಕ್ವಾಂಟಿಟಿ ವೆರಿಫಿಕೇಶನ್, ರನ್ನಿಂಗ್ ಬಿಲ್ ತಯಾರಿಸಿದ್ದು ಬಿಲ್ಲಿಂಗ್. ಅಂದಾಜಿಗೂ ಅಂತಿಮ ಬಿಲ್ಲಿಗೂ ಎಷ್ಟು ವ್ಯತ್ಯಾಸ ಬಂತು, ಏಕೆ ಬಂತು ಎಂದು ಹೇಳಬಲ್ಲಿರಾದರೆ ಅದನ್ನೇ ಮೊದಲ ಸಾಲಿಗೆ ತನ್ನಿ.

ಇನ್ನೂ ಸೇವೆಯಲ್ಲಿದ್ದೇನೆ. ಈಗಲೇ ರೆಸ್ಯೂಮೆ ಕಳಿಸಬಹುದಾ?

ಸೇವೆಯಲ್ಲಿರುವಾಗ ಅನುಮತಿಯಿಲ್ಲದೆ ಖಾಸಗಿ ಕೆಲಸ ಮಾಡುವಂತಿಲ್ಲ, ಇದು ನಡತೆ ನಿಯಮದಲ್ಲಿ ಸ್ಪಷ್ಟವಾಗಿದೆ. "ಬಿಡುವಿನಲ್ಲಿ ಸ್ವಲ್ಪ ದಾಖಲೆ ನೋಡಿಕೊಡಿ ಸರ್" ಎಂದು ಕಂಪನಿಯವರು ಕೇಳಿದರೂ ಒಪ್ಪಬೇಡಿ. ಸ್ವಯಂ ನಿವೃತ್ತಿಗೆ ಕೆಸಿಎಸ್‌ಆರ್ ಪ್ರಕಾರ 15 ವರ್ಷದ ಅರ್ಹತಾದಾಯಕ ಸೇವೆ ಮತ್ತು ಮೂರು ತಿಂಗಳ ನೋಟಿಸ್ ಬೇಕು. ಪಿಂಚಣಿ ಹಳೆಯದೋ ಎನ್‌ಪಿಎಸ್ಸೋ ಎಂಬುದರ ಮೇಲೆ ಕೈಗೆ ಬರುವ ಹಣ ಬಹಳ ಬದಲಾಗುತ್ತದೆ, ಅದನ್ನು ಖಜಾನೆ ಕೆಲಸ ಬಲ್ಲವರ ಹತ್ತಿರ ಲೆಕ್ಕ ಹಾಕಿಸಿಕೊಂಡು ಮುಂದುವರಿಯಿರಿ.

ನೋಟಿಸ್ ಕೊಟ್ಟಾಗಿದ್ದರೆ ಸಮ್ಮರಿಯ ಕೆಳಗೆ ಒಂದು ಸಾಲಿನಲ್ಲಿ ಯಾವ ತಿಂಗಳಿಂದ ಲಭ್ಯ ಎಂದು ಹಾಕಿ. ಎಚ್‌ಆರ್ ಕೇಳುವ ಮೊದಲ ಪ್ರಶ್ನೆಯೇ ಅದು.

ಯಾವ ಕಂಪನಿಯ ಅರ್ಜಿ ಇವತ್ತು ನಿಮ್ಮ ಮೇಜಿನ ಮೇಲಿದೆಯೋ ಆ ಕಂಪನಿಗೆ ರೆಸ್ಯೂಮೆ ಕಳಿಸಬೇಡಿ. ಆ ಕಡತದಲ್ಲಿ ನೀವು ನ್ಯಾಯವಾಗಿಯೇ ವರದಿ ಕೊಟ್ಟಿರಬಹುದು, ಆದರೂ ನಾಳೆ ಅದೇ ವರದಿಯ ಮೇಲೆ ಯಾರಾದರೂ ಮೇಲ್ಮನವಿ ಹಾಕಿದಾಗ ನಿಮ್ಮ ಅರ್ಜಿಯ ದಿನಾಂಕವನ್ನು ಮುಂದಿಡುತ್ತಾರೆ. ಅದೇ ಕಂಪನಿ ಬೇಕೇಬೇಕು ಎನಿಸಿದರೆ ಆ ವಿಷಯ ನಿರ್ವಹಣೆ ಬೇರೆಯವರಿಗೆ ಹೋಗಿ, ಬಿಡುಗಡೆ ಆದೇಶ ಕೈಗೆ ಬಂದ ಮೇಲೆ ಕಳಿಸಿ. ಹಿಂದೆ ಅವರ ಕಡತ ನೋಡಿದ್ದೆ ಎಂಬುದನ್ನು ಸಂದರ್ಶನದಲ್ಲಿ ಅವರು ಕೇಳುವ ಮೊದಲು ನೀವೇ ಹೇಳಿ.